ಅಧ್ಯಕ್ಷರ ಹನ್ನೊಂದು

ನಮ್ಮ ಕಟ್ಟಡದಲ್ಲಿ ಗಾಳಿಯನ್ನೂ ಹಂಚಿದ್ದಾರೆ. ಕಾರು ನಿಲ್ಲಿಸುವ ಜಾಗ, ಬಟ್ಟೆ ಒಣಹಾಕುವ ತಂತಿ, ಮೆಟ್ಟಿಲ ಕೆಳಗಿನ ಸೈಕಲ್ ಮೂಲೆ, ಎಲ್ಲವನ್ನೂ ಮಾಲೀಕರಿಗೆ ಮೊದಲು, ಬಾಡಿಗೆಯವರಿಗೆ ಉಳಿದದ್ದು ಎಂದು ಹಂಚಿ ಮುಗಿದ ಮೇಲೂ ಸಂಘದವರ ಕೈ ಸುಮ್ಮನಿರಲಿಲ್ಲ. ಕಣ್ಣಿಗೆ ಕಾಣದ್ದೊಂದು ಉಳಿದಿತ್ತು, ಅದಕ್ಕೂ ಕೈ ಹಾಕಿದರು.

ಕಾರಣ ಇಲ್ಲದೆ ಇರಲಿಲ್ಲ, ಒಪ್ಪುತ್ತೇನೆ. ಒಂದು ಗೋಡೆಗೆ ಇನ್ನೊಂದು ಗೋಡೆ ಅಂಟಿಕೊಂಡ ಮನೆಗಳು, ಮನೆಗೊಂದು ರೂಟರ್. ಸಂಜೆಯಾದರೆ ಎಲ್ಲರ ಮನೆಯ ವೈಫೈ ಕುಂಟುತ್ತಿತ್ತು. ಟೀವಿಯಲ್ಲಿ ನಾಯಕಿ ಅಳಲು ಬಾಯಿ ತೆರೆದರೆ ಅತ್ತು ಮುಗಿಸುವಷ್ಟರಲ್ಲಿ ಊಟದ ಹೊತ್ತು ಮೀರಿರುತ್ತಿತ್ತು. ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ದಿನವೂ ಇದೇ ಗೋಳು. ಆಗ ಸಂಘದ ಕಾರ್ಯದರ್ಶಿಗೆ ಜ್ಞಾನೋದಯವಾಯಿತು.

ಕಾರ್ಯದರ್ಶಿಯನ್ನು ನಾನು ಮತ್ತು ಅಕ್ಕ ‘ಸುತ್ತೋಲೆ’ ಎಂದು ಕರೆಯುತ್ತೇವೆ. ಲಿಫ್ಟಿನ ಗೋಡೆಗೆ ಕಾಗದ ಅಂಟಿಸದೆ ಆ ಮನುಷ್ಯನಿಗೆ ಕಾಫಿ ಇಳಿಯುವುದಿಲ್ಲ. ಯಾರೋ ಅವರಿಗೆ ರೂಟರಿನ ಒಳಪುಟ ತೋರಿಸಿದರಂತೆ. ಅಲ್ಲಿ ಚಾನೆಲ್ ಎಂಬ ಕಡೆ ಒಂದರಿಂದ ಹದಿಮೂರರವರೆಗೆ ಅಂಕಿಗಳಿದ್ದವಂತೆ. ಹದಿಮೂರು ಜಾಗ ಇಟ್ಟುಕೊಂಡು ಎಲ್ಲರೂ ಒಂದೇ ಕಡೆ ನುಗ್ಗುವುದೇ, ಎಂದು ಅವರು ತಲೆ ಚಚ್ಚಿಕೊಂಡರು. ಮರುದಿನವೇ ಲಿಫ್ಟಿನಲ್ಲಿ ಸುತ್ತೋಲೆ. ಕಾರು ನಿಲ್ಲಿಸುವ ಜಾಗದ ಹಾಗೆಯೇ ಚಾನೆಲ್ಲಿಗೂ ನಂಬರು. ಎಲ್ಲರೂ ರೂಟರಿನಲ್ಲಿ ‘ಆಟೋ’ ತೆಗೆದು ತಮಗೆ ಕೊಟ್ಟ ನಂಬರು ಹಾಕಬೇಕು. ಒಂದು ಮತ್ತು ಎರಡು, ಆರು ಮತ್ತು ಏಳು ಮಾಲೀಕರಿಗೆ. ಮೂರು, ನಾಲ್ಕು, ಐದು ಬಾಡಿಗೆಯವರಿಗೆ. ಎಂಟರಿಂದ ಹತ್ತು ಮುಂದೆ ಬರುವವರಿಗೆ ಕಾದಿರಿಸಿದ್ದು. ಹನ್ನೊಂದು ಅಧ್ಯಕ್ಷರ ಮನೆಗೆ ಮಾತ್ರ. ಹನ್ನೆರಡು, ಹದಿಮೂರು ಕೆಲವರ ಫೋನಿಗೆ ಕಾಣುವುದಿಲ್ಲವೆಂದು ಬಿಟ್ಟಿದ್ದರು. ವೈಫೈ ಹೆಸರು ಮನೆ ನಂಬರೇ ಆಗಿರಬೇಕು, ತಪಾಸಣೆಗೆ ಅನುಕೂಲವಾಗಲಿ ಎಂದು.

ನಮಗೆ ಮೂರು ಬಂತು.

ನಮಗೆ ಎಂದರೆ ನನಗೆ ಮತ್ತು ಅಕ್ಕನಿಗೆ. ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಅವಳ ಮಾತೆಲ್ಲ ಕೈಯಲ್ಲಿ. ನನ್ನ ಬಾಯಿ ಮಾತಿಗಿಂತ ಅವಳ ಕೈ ಮಾತು ಚುರುಕು, ನಾಲಿಗೆ ಇದ್ದಿದ್ದರೆ ಈ ಕಟ್ಟಡ ಎಂದೋ ಖಾಲಿಯಾಗಿರುತ್ತಿತ್ತು. ಅವಳೊಂದಿಗೆ ಬೆಳೆದದ್ದಕ್ಕೆ ನನಗೂ ಅದೇ ಕಸುಬಾಯಿತು. ಆಸ್ಪತ್ರೆಯಲ್ಲಿ ಸನ್ನೆ ಭಾಷೆಯ ದುಭಾಷಿ ನಾನು. ಡಾಕ್ಟರು ಬಾಯಲ್ಲಿ ಹೇಳಿದ್ದನ್ನು ಕೈಯಲ್ಲಿ, ರೋಗಿ ಕೈಯಲ್ಲಿ ಹೇಳಿದ್ದನ್ನು ಬಾಯಲ್ಲಿ ಹೇಳುವ ಕೆಲಸ. ಅಕ್ಕ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದಳು. ಅದು ಮುಚ್ಚಿತು. ಆಮೇಲೆ ಎಲ್ಲಿ ಅರ್ಜಿ ಹಾಕಿದರೂ “ಫೋನ್ ತೆಗೀತೀರಾ?” ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು.

ಕೊನೆಗೆ ಕಿವುಡ ಮಕ್ಕಳ ಶಾಲೆಯೊಂದು ಅವಳನ್ನು ಕರೆಯಿತು. ದೂರದ ಮನೆಗಳಲ್ಲಿರುವ ಮಕ್ಕಳಿಗೆ ವೀಡಿಯೊದಲ್ಲಿ ಓದು ಬರಹ ಕಲಿಸುವ ಕೆಲಸ. ಪಾಠ ನಮ್ಮ ಮನೆಯಿಂದಲೇ, ಹಾಗಾಗಿ ಸಂದರ್ಶನವೂ ವೀಡಿಯೊದಲ್ಲೇ. ಅಕ್ಕ ಅಷ್ಟು ಆಸೆಪಟ್ಟದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಬಟ್ಟೆ ಅಂಗಡಿಯಲ್ಲಿ ಬೆಲೆ ನೋಡಿ ಸೀರೆಯನ್ನು ವಾಪಸ್ ಮಡಚಿಡುವ ಹೆಂಗಸು ಅವಳು, ತಿಳಿ ಬಣ್ಣದ ಗೋಡೆಯ ಮುಂದೆ ಕೈ ಎದ್ದು ಕಾಣಬೇಕೆಂದು ಗಾಢ ನೀಲಿ ರವಿಕೆ ಹೊಲಿಸಿಕೊಂಡಳು.

ಸಂದರ್ಶನದ ದಿನ ಮಧ್ಯಾಹ್ನ ಟ್ಯಾಬ್ಲೆಟ್ಟನ್ನು ಪುಸ್ತಕಗಳ ಮೇಲೆ ನಿಲ್ಲಿಸಿ ಕೂತಳು. ನಾನು ಚೌಕಟ್ಟಿನ ಆಚೆ ನೆಲದ ಮೇಲೆ ಕೂತೆ, ಬಾಯಿ ಹಾಕಬಾರದು ಎಂಬ ಕರಾರಿನ ಮೇಲೆ. ತೆರೆಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿ ಬಂದರು, ಅವರೂ ಕಿವುಡರೇ. ನಮಸ್ಕಾರವಾಯಿತು. ಮೊದಲ ಪ್ರಶ್ನೆಗೆ ಅಕ್ಕ ಕೈ ಎತ್ತಿದಳು. ಅಷ್ಟೇ. ತಮ್ಮ ಕಡೆಯ ತೆರೆಯಲ್ಲಿ ಅವಳ ಕೈ ಗಾಳಿಯಲ್ಲಿ ಹೆಪ್ಪುಗಟ್ಟಿದೆ ಎಂದು ಅವರು ಸನ್ನೆ ಮಾಡಿದರು. ಆಮೇಲೆ ಚಿತ್ರ ಚೌಕ ಚೌಕವಾಗಿ ಒಡೆದು, ಮುಂದಿನ ಮಾತಿನ ಬಾಲಕ್ಕೆ ಹಾರಿತಂತೆ. ಬಾಯಲ್ಲಿ ಮಾತಾಡುವವರಿಗಾದರೆ ಚಿತ್ರ ನಿಂತರೂ ಧ್ವನಿ ಹೇಗೋ ತೆವಳಿ ಬರುತ್ತದೆ. ಅಕ್ಕನಿಗೆ ಚಿತ್ರವೇ ಧ್ವನಿ. ಅವಳು ಮತ್ತೆ ಮತ್ತೆ ಹೇಳಿದಳು, ನಿಧಾನವಾಗಿ ಹೇಳಿದಳು, ಕೊನೆಗೆ ಎಳೆ ಮಗುವಿಗೆ ಹೇಳುವ ಹಾಗೆ ಒಂದೊಂದೇ ಸನ್ನೆ ಮಾಡಿದಳು. ಮುಖ್ಯೋಪಾಧ್ಯಾಯಿನಿ ಬೇಸರದಿಂದ ತಲೆಯಾಡಿಸಿ ಬರೆದು ಕಳಿಸಿದರು: ನಿಮ್ಮ ಮನೆಯ ಸಂಪರ್ಕ ಹೀಗಿದ್ದರೆ ಮಕ್ಕಳಿಗೆ ಪಾಠ ಹೇಗೆ? ಮುಂದಿನ ವಾರ ಇನ್ನೊಮ್ಮೆ ನೋಡೋಣ, ಆಗಲೂ ಹೀಗೇ ಆದರೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗುತ್ತದೆ.

ಅಕ್ಕ ಟ್ಯಾಬ್ಲೆಟ್ ಮಗುಚಿಟ್ಟಳು. ನಾನು ಇಂಟರ್‌ನೆಟ್ ಕಂಪನಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಕೂಗಿದೆ. ಅವರ ಕಡೆಯ ಲೈನ್‌ಮನ್ ಬಂದ, ಬಾಗಿಲ ಮೇಲಿನ ರೂಟರಿಗೆ ತನ್ನ ಲ್ಯಾಪ್‌ಟಾಪಿನ ತಂತಿ ಚುಚ್ಚಿ ನೋಡಿದ. ತಂತಿಯಲ್ಲಿ ವೇಗ ಪೂರ್ತಿ ಬರುತ್ತಿತ್ತು.

“ಲೈನ್ ಸರಿಗಿದೆ ಮೇಡಂ. ಬೂಸ್ಟರ್ ಹಾಕ್ಸಿ, ಎದುರು ಮನೆಯವರು ಎರಡು ಹಾಕ್ಸಿದಾರೆ,” ಎಂದ.

“ಅವರ ಮನೇಲಿ ಚೆನ್ನಾಗಿ ಬರುತ್ತಾ?”

“ಇಲ್ಲ, ಮೂರನೇದು ಕೇಳ್ತಿದಾರೆ,” ಎಂದು ಯಾವ ನಾಚಿಕೆಯೂ ಇಲ್ಲದೆ ಹೇಳಿ ಹೋದ.

ನಮ್ಮ ಟ್ಯಾಬ್ಲೆಟ್ಟಿಗೆ ತಂತಿ ಚುಚ್ಚುವ ತೂತಿಲ್ಲ. ರೂಟರೂ ಟ್ಯಾಬ್ಲೆಟ್ಟೂ ಹಳೆಯವು, ಐದು ಗಿಗಾಹರ್ಟ್ಸಿನ ಹೊಸ, ಗದ್ದಲವಿಲ್ಲದ ವೈಫೈ ಎರಡಕ್ಕೂ ಗೊತ್ತಿಲ್ಲ. ಮೊಬೈಲ್ ಸಿಗ್ನಲ್ ಅಡುಗೆಮನೆ ಕಿಟಕಿಯಲ್ಲಿ ಒಂದು ಗೆರೆ, ಅಷ್ಟೇ. ನಾನು ಶಪಿಸುತ್ತ ಓಡಾಡುತ್ತಿದ್ದರೆ ಅಕ್ಕ ಸದ್ದಿಲ್ಲದೆ ಓದಿಕೊಂಡು ಕೂತಿದ್ದಳು. ಕರಡು ತಿದ್ದಿದವಳು, ಏನನ್ನಾದರೂ ಪೂರ್ತಿ ಓದದೆ ಬಿಡುವವಳಲ್ಲ. ಸುತ್ತಲಿನ ವೈಫೈಗಳನ್ನು ತೋರಿಸುವ ಒಂದು ಆ್ಯಪ್ ಇಳಿಸಿಕೊಂಡು ನನ್ನ ಮುಂದೆ ಹಿಡಿದಳು. ತೆರೆಯ ತುಂಬ ಬಣ್ಣಬಣ್ಣದ ಗುಡ್ಡಗಳು, ಒಂದರ ಮೇಲೊಂದು ಹತ್ತಿ ಕೂತಿದ್ದವು.

“ಒಂದೊಂದು ಗುಡ್ಡ ಒಂದೊಂದು ಮನೆ,” ಎಂದು ಅಕ್ಕ ಕೈಯಲ್ಲಿ ಹೇಳಿದಳು. “ನಮ್ಮದು ಮೂರು ಅಂತ ಕೊಟ್ರಲ್ಲ, ಮೂರರಲ್ಲಿ ಮಾತ್ರ ಇರಲ್ಲ ಅದು. ನೋಡು, ಒಂದರಿಂದ ಐದರವರೆಗೂ ಕಾಲು ಚಾಚಿದೆ. ಎಲ್ಲರ ಗುಡ್ಡಾನೂ ಹಾಗೇ. ಒಂದಕ್ಕೊಂದು ತಾಗದ ಹಾಗೆ ಕೂರಿಸಿದ್ರೆ ಮೂರೇ ಹಿಡಿಸೋದು. ಒಂದು, ಆರು, ಹನ್ನೊಂದು.”

“ಮತ್ತೆ ಹದಿಮೂರು ಜಾಗ ಅಂದ್ರಲ್ಲ ಆ ಸುತ್ತೋಲೆ?”

“ಗೆರೆ ಎಳೆದು ನಂಬರ್ ಬರೆದ ತಕ್ಷಣ ಜಾಗ ಹೆಚ್ಚುತ್ತಾ? ಸ್ಕೂಟರ್ ನಿಲ್ಲಿಸೋ ಕಡೆ ಲಾರಿ ನಿಲ್ಲಿಸಿದ ಹಾಗೆ.”

ನನಗೆ ಒಂದು ಅರ್ಥವಾಗಲಿಲ್ಲ. ಒಂದರಲ್ಲಿ ಅಷ್ಟೊಂದು ಮಾಲೀಕರು ಒಟ್ಟಿಗೆ ಇದ್ದಾರೆ, ಅವರಿಗಿಂತ ನಮ್ಮ ಪಾಡು ಯಾಕೆ ಕೆಟ್ಟದ್ದು ಎಂದು ಕೇಳಿದೆ.

“ಒಂದೇ ನಂಬರಿನಲ್ಲಿ ಇರೋರಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಗೊತ್ತಾಗುತ್ತೆ. ಒಬ್ಬರು ಹೇಳ್ತಿದ್ರೆ ಇನ್ನೊಬ್ಬರು ಕಾಯ್ತಾರೆ. ನಿಧಾನ, ಆದ್ರೆ ಸರದಿ ಬರುತ್ತೆ. ಮಧ್ಯದ ನಂಬರಿನಲ್ಲಿ ಕೂತವರಿಗೆ ಎರಡೂ ಕಡೆಯಿಂದ ಬರೀ ಗದ್ದಲ. ಮಾತು ಅಂತ ಗೊತ್ತಾಗಲ್ಲ, ಯಾರೂ ಯಾರಿಗೂ ಕಾಯಲ್ಲ. ಹೇಳಿದ್ದು ಕೆಡುತ್ತೆ, ಮತ್ತೆ ಹೇಳ್ಬೇಕು, ಅದೂ ಕೆಡುತ್ತೆ.” ಅಕ್ಕ ಸೇರಿಸಿದಳು, “ಕಿವಿ ಕೇಳೋ ನಿಮ್ಮವರ ಮದುವೆ ಮನೆ ಊಟದ ಸಾಲು ಹೀಗೇ ಇರುತ್ತೆ, ನೋಡಿದೀನಿ. ಎಲ್ಲರ ಬಾಯೂ ಆಡ್ತಿರುತ್ತೆ.”

ಅಂದರೆ ಕಟ್ಟಡದವರು ಮೊದಲು ಆಟೋದಲ್ಲಿದ್ದಾಗ ರೂಟರುಗಳೇ ಹೇಗೋ ಹೊಂದಿಕೊಂಡು ಬಹುಪಾಲು ಆ ಮೂರರಲ್ಲೇ ಇದ್ದವು. ಇವರು ಹಂಚಲು ಹೋಗಿ ಎಲ್ಲವನ್ನೂ ಕಲಸಿ ಹಾಕಿದ್ದರು. ಮತ್ತೆ ಆ ಚಿತ್ರದ ಬಲಗಡೆ, ಹನ್ನೊಂದರಲ್ಲಿ, ಒಂದೇ ಒಂದು ಗುಡ್ಡ ಕಾಲು ನೀಡಿಕೊಂಡು ನೆಮ್ಮದಿಯಾಗಿ ಮಲಗಿತ್ತು. ಅದಕ್ಕೆ ಮನೆ ನಂಬರಿನ ನಿಯಮವಿಲ್ಲ, ಹೆಸರು ‘ಅಧ್ಯಕ್ಷರು’.

ನಾನು ಸಂಘದ ಕಚೇರಿಗೆ ಹೋದೆ. ಕಚೇರಿ ಎಂದರೆ ನೆಲಮಾಳಿಗೆಯಲ್ಲಿ ಪಂಪಿನ ಕೋಣೆಯ ಪಕ್ಕದ ಗೂಡು. ಒಂದು ಕಡೆ ಪೈಪಿನ ತೇವ, ಇನ್ನೊಂದು ಕಡೆ ಅಧ್ಯಕ್ಷರ ಸೆಂಟಿನ ವಾಸನೆ. ಅಧ್ಯಕ್ಷರು ಉಗುರು ಕತ್ತರಿಸಿಕೊಳ್ಳುತ್ತಿದ್ದರು, ಮೇಜಿನ ಮೇಲೆಯೇ, ನಮ್ಮೆಲ್ಲರ ಅರ್ಜಿಗಳ ಪಕ್ಕದಲ್ಲೇ. ಸುತ್ತೋಲೆ ಪಕ್ಕದಲ್ಲಿ ನಿಂತು ಗಮ್ ಬಾಟಲಿ ತೆರೆಯುತ್ತಿದ್ದರು.

ನಾನು ಎಷ್ಟು ತಗ್ಗಬಹುದೋ ಅಷ್ಟು ತಗ್ಗಿ ಹೇಳಿದೆ. ಒಂದು ಮಧ್ಯಾಹ್ನದ ಮಟ್ಟಿಗೆ ಹನ್ನೊಂದಕ್ಕೆ ಬರುತ್ತೇವೆ, ಅಕ್ಕನ ಕೆಲಸದ ವಿಷಯ.

“ಹನ್ನೊಂದು ನಮ್ಮ ಮನೇದಲ್ವಾ?” ಎಂದರು ಅಧ್ಯಕ್ಷರು, ನಾನು ಅವರ ಮಲಗುವ ಕೋಣೆ ಕೇಳಿದ ಹಾಗೆ.

“ನೀವೂ ಇರಿ ಸರ್. ಇಬ್ಬರೂ ಇರಬಹುದು, ನಿಮಗೇನೂ ಗೊತ್ತಾಗಲ್ಲ.”

“ಇವತ್ತು ನಿಮಗೆ ಕೊಟ್ರೆ ನಾಳೆ ಎಲ್ಲಾ ಬಾಡಿಗೆಯವರೂ ಬರ್ತಾರೆ,” ಎಂದರು ಸುತ್ತೋಲೆ. “ವೀಡಿಯೊ ಆಫ್ ಮಾಡಿ ಮಾತಾಡ್ಲಿ. ಆಡಿಯೋಗೆ ಸ್ಪೀಡ್ ಜಾಸ್ತಿ ಬೇಡ.”

“ಅಕ್ಕಂಗೆ ಕಿವಿ ಕೇಳ್ಸಲ್ಲ ಸರ್. ಕೈಯಲ್ಲೇ ಮಾತಾಡೋದು.”

ಅಧ್ಯಕ್ಷರು ಉಗುರಿನ ಚೂರೊಂದನ್ನು ಊದಿದರು. ಅದು ನನ್ನ ಕಡೆಗೇ ಬಂತು. “ಮತ್ತೆ? ಮನೇಲಿ ಮಾತಾಡೋರು ನೀವೊಬ್ಬರೇ ಅಂದ್ಮೇಲೆ ನಿಮಗೆ ಅರ್ಧ ಚಾನೆಲ್ ಸಾಕಲ್ಲಮ್ಮಾ,” ಎಂದು ನಕ್ಕರು. ಸುತ್ತೋಲೆಯೂ ನಕ್ಕರು, ಅದಕ್ಕೇ ಇಟ್ಟುಕೊಂಡವರ ಹಾಗೆ.

ಆ ಮೇಜಿನ ಮೇಲಿದ್ದ ಗಮ್ ಬಾಟಲಿಯನ್ನು ಅಧ್ಯಕ್ಷರ ತಲೆಗೆ ಸುರಿಯಬೇಕೆನಿಸಿತು. ಸುರಿಯಲಿಲ್ಲ. ಬಾಡಿಗೆ ಮನೆಯಲ್ಲಿರುವವರು ಬಹಳಷ್ಟನ್ನು ಸುರಿಯುವುದಿಲ್ಲ. ಮೆಟ್ಟಿಲು ಹತ್ತಿ ಬಂದು ಕೈ ತೊಳೆದುಕೊಂಡೆ, ಯಾಕೆಂದು ಕೇಳಬೇಡಿ, ತೊಳೆದುಕೊಳ್ಳಬೇಕೆನಿಸಿತು.

ನಡೆದದ್ದನ್ನು ಅಕ್ಕನಿಗೆ ಹೇಳುವಾಗ ಅರ್ಧ ಚಾನೆಲ್ಲಿನ ಮಾತನ್ನು ನುಂಗಿಕೊಂಡಿದ್ದೆ. ಅಕ್ಕ ನನ್ನ ಗಲ್ಲ ಹಿಡಿದು ತನ್ನತ್ತ ತಿರುಗಿಸಿಕೊಂಡಳು. “ಪೂರ್ತಿ ಹೇಳು,” ಎಂದಳು. ಹೇಳಿದೆ. ಅವಳು ಅಳುತ್ತಾಳೆ ಎಂದುಕೊಂಡೆ. ಅವಳು ಕನ್ನಡಕ ಹಾಕಿಕೊಂಡು ರೂಟರಿನ ಒಳಪುಟ ತೆರೆದಳು.

ಚಾನೆಲ್ ಇದ್ದ ಕಡೆ ಮೂರನ್ನು ಅಳಿಸಿ ಹನ್ನೊಂದು ಹಾಕಿದಳು. ಅಗಲ ಎಂಬ ಕಡೆ ಇಪ್ಪತ್ತು ಅಥವಾ ನಲವತ್ತು ಎಂದಿತ್ತು, ಅದನ್ನು ಇಪ್ಪತ್ತಕ್ಕೇ ನಿಲ್ಲಿಸಿದಳು, ನಮ್ಮ ಗುಡ್ಡ ಬೇರೆಯವರ ಮೈಮೇಲೆ ಬೀಳುವುದು ಬೇಡವೆಂದು.

“ಆ ಸುತ್ತೋಲೆ ಫೋನ್ ಹಿಡ್ಕೊಂಡು ವರಾಂಡದಲ್ಲಿ ತಿರುಗ್ತಾ ಇರುತ್ತೆ. ನಮ್ಮ ಮನೆ ನಂಬರು ಹನ್ನೊಂದರಲ್ಲಿ ಕಂಡ್ರೆ ಬಾಗಿಲು ಮುರೀತಾರೆ,” ಎಂದೆ.

ಅಕ್ಕ ನಮ್ಮ ವೈಫೈಗೆ ಮನೆ ನಂಬರು ಅಳಿಸಿ ಹೊಸ ಹೆಸರಿಟ್ಟಳು: ‘ಅಧ್ಯಕ್ಷರು-2’.

ರೂಟರಿನ ದೀಪಗಳು ಆರಿ ಮತ್ತೆ ಹತ್ತಿದವು. ಆ್ಯಪಿನಲ್ಲಿ ಅಧ್ಯಕ್ಷರ ಗುಡ್ಡದ ಮೇಲೆ ನಮ್ಮ ಗುಡ್ಡ ಎದ್ದು ಕೂತಿತು. ನಾನು ನಕ್ಕು ನಕ್ಕು ನೆಲದ ಮೇಲೆ ಹೊರಳಿದೆ. ಆ ವಾರ ಸುತ್ತೋಲೆ ನಮ್ಮ ಬಾಗಿಲ ಮುಂದೆ ಎರಡು ಸಲ ನಿಂತದ್ದನ್ನು ಕಿಂಡಿಯಿಂದ ನೋಡಿದೆ. ಫೋನ್ ನೋಡುತ್ತಾರೆ, ಹುಬ್ಬು ಗಂಟಿಕ್ಕುತ್ತಾರೆ, ನಮ್ಮ ಬಾಗಿಲು ನೋಡುತ್ತಾರೆ, ಮತ್ತೆ ಫೋನ್. ಅಧ್ಯಕ್ಷರೇ ಎರಡನೆಯದೊಂದು ಹಾಕಿಸಿದ್ದಾರೆ ಎಂದುಕೊಂಡಿರಬೇಕು. ಕೇಳುವ ಧೈರ್ಯ ಆ ದೇಹದಲ್ಲಿ ಎಲ್ಲೂ ಇರಲಿಲ್ಲ. ಆದರೂ ನನಗೆ ಊಟ ಸೇರುತ್ತಿರಲಿಲ್ಲ. ಸಂದರ್ಶನದ ನಡುವೆ ಬಾಗಿಲು ಬಡಿದರೆ, ರೂಟರ್ ಕಿತ್ತುಕೊಂಡು ಹೋದರೆ ಎಂದು.

ಯಾರೂ ಬರಲಿಲ್ಲ. ಎರಡನೇ ಸಂದರ್ಶನದಲ್ಲಿ ಅಕ್ಕನ ಬೆರಳುಗಳು ನೀರಿನಂತೆ ಹರಿದವು. ಮುಖ್ಯೋಪಾಧ್ಯಾಯಿನಿ ಒಂದು ಪಾಠ ಮಾಡಿ ತೋರಿಸಿ ಎಂದರು. ಅಕ್ಕ ಇರುವೆಯ ಮೇಲೆ ಪಾಠ ಮಾಡಿದಳು. ಅವಳ ಕಿರುಬೆರಳೇ ಇರುವೆಯಾಗಿ ಮೊಣಕೈವರೆಗೆ ಹತ್ತಿ, ಸಕ್ಕರೆ ಹೊತ್ತು, ಜಾರಿ ಬಿದ್ದು, ಬೈದುಕೊಂಡು ಮತ್ತೆ ಹತ್ತಿತು. ಒಂದು ಸನ್ನೆಯೂ ತುಂಡಾಗಲಿಲ್ಲ. ನೆಲದ ಮೇಲೆ ಕೂತ ನಾನು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಅಧ್ಯಕ್ಷರ ಮನೆಯಲ್ಲಿ ಆ ಹೊತ್ತಿಗೆ ಟೀವಿ ಓಡುತ್ತಿತ್ತು, ಗೋಡೆಯಾಚೆಯೇ ಅವರ ಮನೆ, ನನಗೆ ಕೇಳುತ್ತಿತ್ತು. ಅದೂ ಒಮ್ಮೆಯೂ ನಿಲ್ಲಲಿಲ್ಲ. ಕೆಲಸ ಸಿಕ್ಕಿತೆಂದು ಆ ಸಂಜೆಯೇ ತಿಳಿಸಿದರು.

ಕತೆ ಇಲ್ಲಿಗೆ ಮುಗಿದಿದ್ದರೆ ನನಗೆ ಇಷ್ಟು ಅಸಹ್ಯವಾಗುತ್ತಿರಲಿಲ್ಲ. ಸಂತೋಷ ತಡೆಯಲಾರದೆ ನಾನೇ ಲಿಫ್ಟಿನಲ್ಲಿ ಎದುರು ಮನೆಯವರಿಗೆ ಹೇಳಿದೆ. ಮರುದಿನ ಗುಂಪಿನಲ್ಲಿ ಸುತ್ತೋಲೆ ಬಿತ್ತು: ಸಂಘದ ವೈಜ್ಞಾನಿಕ ಚಾನೆಲ್ ಹಂಚಿಕೆಯ ಫಲವಾಗಿ ನಮ್ಮ ಕಟ್ಟಡದ ಮೂಕ ಸಹೋದರಿಗೆ ಉದ್ಯೋಗ. ಭಾನುವಾರದ ವಾರ್ಷಿಕ ಸಭೆಯಲ್ಲಿ ಸನ್ಮಾನ. ಕೆಳಗೆ ಕೈಮುಗಿದ ಚಿಹ್ನೆಗಳ ಮಳೆ. ಎಲ್ಲರ ವೈಫೈ ಸತ್ತು ಮಲಗಿರುವಾಗ ಇದನ್ನು ಹೇಗೆ ಕಳಿಸಿದರೋ.

“ಹೋಗೋದು ಬೇಡ. ಅವರ ಕೈಯಿಂದ ಹೂಗುಚ್ಛ ತಗೊಂಡ್ರೆ ನನ್ನ ಮೈಗೆ ಕಜ್ಜಿ ಬರುತ್ತೆ,” ಎಂದೆ.

“ಹೋಗೋಣ. ನೀನು ದುಭಾಷಿಯಾಗಿ ಬಾ. ತಂಗಿಯಾಗಿ ಬರಬೇಡ,” ಎಂದಳು ಅಕ್ಕ.

ಭಾನುವಾರ ಬೆಳಿಗ್ಗೆ ನೆಲಮಹಡಿಯ ಸಭಾಂಗಣದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ತುಂಬಿದ್ದವು. ಅಧ್ಯಕ್ಷರು ಮೈಕ್ ಹಿಡಿದರು. ನಾನು ಪಕ್ಕದಲ್ಲಿ ನಿಂತು ಅವರು ಹೇಳಿದ್ದನ್ನೆಲ್ಲ ಅಕ್ಕನಿಗೆ ಕೈಯಲ್ಲಿ ಹೇಳಬೇಕು. ಪಾಪ, ದೇವರು ಮಾತು ಕೊಡಲಿಲ್ಲ, ಎಂದರು. ಹೇಳಿದೆ. ಆದರೆ ಸಂಘ ಚಾನೆಲ್ ಕೊಟ್ಟಿತು, ಎಂದರು. ಹೇಳಿದೆ. ಇಂಥವರನ್ನು ಕಂಡರೆ ನನ್ನ ಕರುಳು ಚುರುಕ್ ಎನ್ನುತ್ತದೆ, ಎಂದರು. ಅದನ್ನೂ ಹೇಳಿದೆ. ನನ್ನ ಕೈಯಲ್ಲಿ ಆ ಮಾತುಗಳು ಕೊಳೆತ ತರಕಾರಿಯ ಹಾಗೆ ಜಿಗುಟಾಗಿದ್ದವು. ಅಕ್ಕ ಕಣ್ಣು ಮಿಟುಕಿಸದೆ ನೋಡಿದಳು. ಹೂಗುಚ್ಛ ಕೊಟ್ಟು, ಫೋಟೋ ತೆಗೆಸಿಕೊಂಡು, “ಎರಡು ಮಾತು ಹೇಳ್ತಾರೇನೋ ಕೇಳಮ್ಮಾ,” ಎಂದರು ನನಗೆ, ಅಕ್ಕ ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ.

ಅಕ್ಕ ಹೂಗುಚ್ಛವನ್ನು ಸುತ್ತೋಲೆಯ ಕೈಗೆ ಕೊಟ್ಟಳು. ಅವಳಿಗೆ ಎರಡೂ ಕೈ ಬೇಕಿತ್ತು.

ನಮ್ಮ ಕಸುಬಿನಲ್ಲಿ ಒಂದು ಕಟ್ಟುನಿಟ್ಟು ಇದೆ. ಕೈ ಹೇಳಿದ್ದನ್ನು ಬಾಯಿ ಹೇಳಬೇಕು, ಹೆಚ್ಚಿಲ್ಲ, ಕಡಿಮೆಯಿಲ್ಲ. ‘ಇವರು ಹೀಗೆನ್ನುತ್ತಾರೆ’ ಎನ್ನುವಂತಿಲ್ಲ, ‘ನಾನು’ ಎಂದೇ ಹೇಳಬೇಕು. ಅಕ್ಕನ ಕೈ ಎದ್ದಿತು, ನಾನು ಮೈಕಿನಲ್ಲಿ ಹೇಳುತ್ತ ಹೋದೆ.

“ನನಗೆ ಮಾತು ಬರುತ್ತೆ. ನೀವು ಕೊಟ್ಟ ಮೂರನೇ ಚಾನೆಲ್‌ನಲ್ಲಿ ಮೊದಲ ಸಲ ಅದು ಯಾರಿಗೂ ಮುಟ್ಟಲಿಲ್ಲ, ಕೆಲಸ ಕೈತಪ್ಪೋದ್ರಲ್ಲಿತ್ತು. ನನ್ನ ತಂಗಿ ಕೆಳಗೆ ಬಂದು ಕೇಳಿಕೊಂಡ್ಳು. ಅರ್ಧ ಚಾನೆಲ್ ಸಾಕು ಅಂದ್ರಿ. ಆಮೇಲೆ ನಾನು ಅಧ್ಯಕ್ಷರ ಹನ್ನೊಂದಕ್ಕೆ ಹೋಗಿ ಕೂತೆ. ಅಧ್ಯಕ್ಷರು ಎರಡು ಅಂತ ಕಾಣೋದು ನಮ್ಮನೇದೇ. ಕೆಲಸ ಸಿಕ್ಕಿದ್ದು ಅಲ್ಲಿಂದ. ಇವತ್ತಿಗೂ ಅಲ್ಲೇ ಇದೀನಿ, ಅಧ್ಯಕ್ಷರಿಗೆ ಗೊತ್ತೇ ಆಗಿಲ್ಲ. ಸರದಿ ಕಾಯೋಕೆ ಒಪ್ಪಿದ್ರೆ ಇಬ್ಬರಿಗೂ ಜಾಗ ಇತ್ತು. ಎಲ್ಲರೂ ಒಂದು, ಆರು, ಹನ್ನೊಂದರಲ್ಲಿ ಸಮವಾಗಿ ಕೂತ್ರೆ ಈ ಕಟ್ಟಡದಲ್ಲಿ ಎಲ್ಲರ ಮಾತೂ ಮುಟ್ಟುತ್ತೆ. ಅಷ್ಟೇ ಹೇಳೋದಿತ್ತು.”

ಅಧ್ಯಕ್ಷರ ಮುಖ ಬಿಳಚಿಕೊಂಡಿತು, ಆಮೇಲೆ ಕೆಂಪಾಯಿತು. ಸುತ್ತೋಲೆ ಹೂಗುಚ್ಛ ಹಿಡಿದುಕೊಂಡು ನಿಂತಿದ್ದರು, ಮದುವೆ ಮುರಿದ ಗಂಡಿನ ಹಾಗೆ. ಸಭೆಯಲ್ಲಿ ಯಾರಾದರೂ ಏಳುತ್ತಾರೆ, ಛೇ ಎನ್ನುತ್ತಾರೆ, ಅಕ್ಕನ ಮುಖ ನೋಡುತ್ತಾರೆ ಎಂದು ಕಾದೆ. ಎಲ್ಲರೂ ತಲೆ ತಗ್ಗಿಸಿದರು. ನಾಚಿಕೆಯಿಂದ ಎಂದುಕೊಂಡೆ, ನನ್ನ ಹುಚ್ಚುತನ ನೋಡಿ.

ಎಲ್ಲರೂ ಫೋನ್ ತೆಗೆದಿದ್ದರು. ಮುಂದಿನ ಸಾಲಿನ ಎದುರು ಮನೆಯವರು ರೂಟರಿನ ಪುಟ ಹುಡುಕುತ್ತಿದ್ದರು. “ಹನ್ನೊಂದಂತೆ, ಬೇಗ ಹಾಕಿ,” ಎಂದು ಅವರ ಹೆಂಡತಿ ತಿವಿಯುತ್ತಿದ್ದರು. ಹಿಂದಿನಿಂದ ಯಾರೋ ಮಗನಿಗೆ ಫೋನಿನಲ್ಲಿ ಕೂಗುತ್ತಿದ್ದರು, ಒಂದು ತೆಗಿ, ಹನ್ನೊಂದು ಹಾಕು, ಎಲ್ಲರಿಗಿಂತ ಮುಂಚೆ ಹಾಕು ಎಂದು. ಅಧ್ಯಕ್ಷರು ಮೈಕ್ ಕಿತ್ತುಕೊಂಡು “ಹನ್ನೊಂದು ನಮ್ಮದು, ಯಾರೂ ಬರಬಾರದು,” ಎಂದು ಅರಚಿದರು. ಯಾರೂ ತಲೆಯೆತ್ತಲಿಲ್ಲ. ಇಂಥವರ ಜೊತೆ ಒಂದೇ ನೀರಿನ ಟ್ಯಾಂಕಿನಿಂದ ಕುಡಿಯುತ್ತಿದ್ದೇನಲ್ಲ! ಸಮವಾಗಿ ಎಂಬ ಮಾತನ್ನು ನಾನು ಅಷ್ಟು ಸ್ಪಷ್ಟವಾಗಿ ಹೇಳಿದ್ದೆ, ಆ ಕೋಣೆಯಲ್ಲಿ ಎಲ್ಲರಿಗೂ ಕಿವಿಯಿತ್ತು.

ಅಕ್ಕ ನನ್ನ ಮೊಣಕೈ ತಟ್ಟಿದಳು. “ಏನು ಮಾಡ್ತಿದಾರೆ ಎಲ್ಲರೂ?”

“ಎಲ್ಲರೂ ಹನ್ನೊಂದಕ್ಕೆ ಓಡ್ತಿದಾರೆ, ಅಕ್ಕಾ. ಒಂದರಲ್ಲಿ ಇದ್ದೋರೂ ಅದನ್ನ ಬಿಟ್ಟು ಹೊರಟ್ರು.”

ಅಕ್ಕ ಸಭೆಯ ತುಂಬ ಬಗ್ಗಿದ ತಲೆಗಳನ್ನು ಒಮ್ಮೆ ನೋಡಿದಳು. ಆಮೇಲೆ ಅವಳ ಭುಜ ಕುಲುಕತೊಡಗಿತು. ನಗು.

“ಹಾಗಾದ್ರೆ ಒಂದನೇ ಚಾನೆಲ್ ಖಾಲಿ,” ಎಂದಳು. “ನಡಿ ಮನೆಗೆ. ನಾಳೆಯಿಂದ ಮಕ್ಕಳು ಕಾಯ್ತಿರ್ತಾರೆ.”